82 ರೂಪಾಯಿಯ ಡಾಲರ್ ನಿಜಕ್ಕೂ ಎಷ್ಟು? ನಾನು ಲೆಕ್ಕ ಹಾಕಿದ ಬಗೆ

ನಾನು ಗಾರ್ಮೆಂಟ್ಸ್ ರಫ್ತು ಮಾಡುವ ಒಂದು ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2023ರ ಲೆಕ್ಕ ಮುಗಿದಾಗ ಯಜಮಾನರು ಒಂದು ಪ್ರಶ್ನೆ ಕೇಳಿದರು. "2010ರಲ್ಲಿ ಡಾಲರಿಗೆ 45 ರೂಪಾಯಿ ಸಿಗ್ತಿತ್ತು, ಈಗ 82 ಸಿಗುತ್ತೆ. ಆ ಲಾಭ ಎಲ್ಲಿ ಹೋಯ್ತು?"

ಹೆಚ್ಚಾದ ರೂಪಾಯಿಯಷ್ಟೇ ಇಲ್ಲಿನ ಕೂಲಿ, ಬಾಡಿಗೆ, ಊಟದ ಖರ್ಚೂ ಏರಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಲ್ವಾ? ಅದನ್ನು ಅಳೆಯುವುದೇ ನೈಜ ವಿನಿಮಯ ದರ. ಸೂತ್ರ ಚಿಕ್ಕದು:

```
Q = E × P* / P
```

E ಅಂದರೆ ಒಂದು ಡಾಲರಿಗೆ ಸಿಗುವ ರೂಪಾಯಿ. P* ಅಮೆರಿಕದ ಬೆಲೆ ಮಟ್ಟ, P ನಮ್ಮ ಬೆಲೆ ಮಟ್ಟ.

ಮೊದಲ ಸಲ ತಪ್ಪಿದೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ 2023ರಲ್ಲಿ ಸರಾಸರಿ 304.7 ಇತ್ತು, ನಮ್ಮದು ಸುಮಾರು 182. ಅವನ್ನೇ ಹಾಕಿದೆ, ಉತ್ತರ 138 ಬಂತು. ಡಾಲರ್ ಬೆಲೆ 82 ಇರುವಾಗ 138 ಎಲ್ಲಿಂದ ಬಂತು? ಹುಡುಕಿದಾಗ ಕಾರಣ ತಿಳಿಯಿತು. ಅಮೆರಿಕದ ಸೂಚ್ಯಂಕ 1982-84ನ್ನು 100 ಎಂದು ಹಿಡಿಯುತ್ತದೆ, ನಮ್ಮದು ಆಗ 2012ನ್ನು 100 ಎಂದು ಹಿಡಿಯುತ್ತಿತ್ತು. ಬೇರೆ ಬೇರೆ ವರ್ಷದಿಂದ ಅಳೆದ ಎರಡು ಅಂಕಿಗಳನ್ನು ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ.

ಹಾಗಾಗಿ ವಿಶ್ವ ಬ್ಯಾಂಕಿನ ಸರಣಿಗೆ ಹೋದೆ. ಅಲ್ಲಿ ಎರಡೂ ದೇಶಕ್ಕೆ 2010 ಅಂದರೆ 100. 2023ಕ್ಕೆ ಭಾರತ ಸುಮಾರು 228, ಅಮೆರಿಕ ಸುಮಾರು 139.7. ಆ ವರ್ಷದ ಸರಾಸರಿ ಡಾಲರ್ ದರ 82.60, 2010ರದ್ದು 45.73.

```
Q(2010) = 45.73 × 100 / 100   = 45.73
Q(2023) = 82.60 × 139.7 / 228 ≈ 50.6
```

ಅಂದರೆ ಡಾಲರ್ ದರ 80 ಶೇಕಡಾಕ್ಕಿಂತ ಸ್ವಲ್ಪ ಹೆಚ್ಚೇ ಏರಿದ್ದರೂ, ಬೆಲೆ ಏರಿಕೆ ಕಳೆದ ಮೇಲೆ ಉಳಿದದ್ದು ಸುಮಾರು 11 ಶೇಕಡಾ ಮಾತ್ರ. ಇದನ್ನೇ ತಿರುಗಿಸಿ ಕೇಳಬಹುದು: ಡಾಲರ್ ದರ ಬರೀ ಬೆಲೆ ಏರಿಕೆಯ ಅಂತರಕ್ಕೆ ತಕ್ಕಂತೆ ಬದಲಾಗಿದ್ದರೆ ಎಷ್ಟಿರುತ್ತಿತ್ತು? 45.73 × 228 / 139.7, ಅಂದರೆ ಸುಮಾರು 74.6. ಕೊಳ್ಳುವ ಶಕ್ತಿಯ ಸಮಾನತೆ ಹೇಳುವ ದರ ಇದು. 82.60ಕ್ಕೂ ಇದಕ್ಕೂ ಇರುವ ಅಂತರವೇ ಆ 11 ಶೇಕಡಾ.

ನನಗೆ ಅತಿ ಹೆಚ್ಚು ಹಿಡಿಸಿದ್ದು ನಡುವಿನ ವರ್ಷದ ಅಂಕಿ. 2019ರಲ್ಲಿ ಡಾಲರ್ 70.42 ಇತ್ತು, Q ಮಾತ್ರ 45.8! 9 ವರ್ಷದಲ್ಲಿ ಡಾಲರಿಗೆ 25 ರೂಪಾಯಿ ಜಾಸ್ತಿ ಸಿಕ್ಕರೂ ನೈಜ ದರ ಇದ್ದಲ್ಲೇ ಇತ್ತು. ಬಂದ ಅನುಕೂಲವೆಲ್ಲ 2019ರ ನಂತರದ್ದು. ಆಗ ಅಮೆರಿಕದಲ್ಲೂ ಬೆಲೆ ಜೋರಾಗಿ ಏರಿತ್ತು, ಹಾಗಾಗಿ ಎರಡು ದೇಶಗಳ ಅಂತರ ಕಡಿಮೆಯಾಗಿತ್ತು.

ಇಲ್ಲಿ ಒಂದು ಗೊಂದಲ ಬೇಡ. ಸೂಚ್ಯಂಕದಿಂದ ಬಂದ Q ಬದಲಾವಣೆಯನ್ನಷ್ಟೇ ಹೇಳುತ್ತದೆ. ನಮ್ಮಲ್ಲಿ ವಸ್ತುಗಳು ಅಮೆರಿಕಕ್ಕಿಂತ ಎಷ್ಟು ಅಗ್ಗ ಎಂದು ಹೇಳುವುದಿಲ್ಲ. ಅದಕ್ಕೆ ನಿಜವಾದ ಬೆಲೆಗಳನ್ನೇ ಹೋಲಿಸಬೇಕು. ಆ ಕೆಲಸವನ್ನು ವಿಶ್ವ ಬ್ಯಾಂಕ್ ನಡೆಸುವ ಅಂತರರಾಷ್ಟ್ರೀಯ ಬೆಲೆ ಹೋಲಿಕೆ ಕಾರ್ಯಕ್ರಮ ಮಾಡುತ್ತದೆ. 2017ಕ್ಕೆ ಅದು ಕೊಟ್ಟ ದರ ಡಾಲರಿಗೆ 20.65 ರೂಪಾಯಿ, ಮಾರುಕಟ್ಟೆಯಲ್ಲಿ 65.12. ಅಂದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಆಗ ಇಲ್ಲಿ ಸುಮಾರು 21 ರೂಪಾಯಿಗೆ ಸಿಗುತ್ತಿತ್ತು. ಹಾಗಂತ ರೂಪಾಯಿಗೆ ಮೂರು ಪಟ್ಟು ಬೆಲೆ ಬರಬೇಕು ಎಂದು ಅರ್ಥವಲ್ಲ. ಹೇರ್‌ಕಟ್, ಮನೆ ಬಾಡಿಗೆ, ಬಸ್ ಟಿಕೆಟ್ ಹಡಗಿನಲ್ಲಿ ಹೋಗುವುದಿಲ್ಲ. ಕೂಲಿ ಕಡಿಮೆ ಇರುವ ದೇಶದಲ್ಲಿ ಇವು ಅಗ್ಗವಾಗಿಯೇ ಉಳಿಯುತ್ತವೆ.

ಇನ್ನೊಂದು ಎಚ್ಚರಿಕೆ ದಿಕ್ಕಿನದು. ನನ್ನ ಲೆಕ್ಕದಲ್ಲಿ Q ಏರಿದರೆ ರೂಪಾಯಿ ದುರ್ಬಲ, ರಫ್ತುದಾರನಿಗೆ ಅನುಕೂಲ. ರಿಸರ್ವ್ ಬ್ಯಾಂಕ್ 40 ಕರೆನ್ಸಿಗಳನ್ನು ಸೇರಿಸಿ ಪ್ರಕಟಿಸುವ ನೈಜ ವಿನಿಮಯ ದರದ ಸೂಚ್ಯಂಕದಲ್ಲಿ ಉಲ್ಟಾ: ಏರಿದರೆ ರೂಪಾಯಿ ಬಲವಾಯಿತು ಎಂದರ್ಥ. ಎರಡನ್ನೂ ಒಂದೇ ಶೀಟಿನಲ್ಲಿ ಇಡುವಾಗ ಒಂದನ್ನು ತಿರುವಿ ಹಾಕಲೇಬೇಕು.

ಶೀಟ್ ತೋರಿಸಿದೆ. ಯಜಮಾನರು 2019ರ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಮ್ಮ ಆರ್ಡರ್ ಕೈತಪ್ಪಿ ಹೋಗೋದು ಬಾಂಗ್ಲಾದೇಶಕ್ಕೆ. ಅವರ ಟಾಕಾಗೆ ಹೀಗೇ ಹಾಕಿ ನೋಡಿ" ಎಂದರು. ಅದೇ ಸರಿಯಾದ ಪ್ರಶ್ನೆ. ಅಮೆರಿಕದ ಜೊತೆ ಮಾತ್ರ ಹೋಲಿಸಿದರೆ ನಮ್ಮ ಪೈಪೋಟಿಗಾರರು ಲೆಕ್ಕಕ್ಕೇ ಬರುವುದಿಲ್ಲ. ಅದೇ ದಿನ ಶೀಟಿಗೆ ಟಾಕಾದ ಮೂರು ಹೊಸ ಕಾಲಂ ಸೇರಿಸಿದೆ: ದರ, ಅವರ ಬೆಲೆ ಸೂಚ್ಯಂಕ, Q.