ಎರಡು ನೇರ, ಒಂದು ತಲೆಕೆಳಗು ಬಂದರೆ ಹೌದಾ ಇಲ್ಲವಾ?

ಮೂರು ಟ್ಯಾರೋ ಕಾರ್ಡ್ ಇಟ್ಟು ಪ್ರೀತಿಯ ಪ್ರಶ್ನೆ ಕೇಳುವವರಿಗೆ ಒಂದು ಮಾತು. ಕಾರ್ಡ್ ಕಲಸುವ ಮೊದಲೇ ಲೆಕ್ಕವನ್ನು ಗಟ್ಟಿ ಮಾಡಿಕೊಳ್ಳಿ. ನನ್ನದು ಹೀಗೆ: ನೇರ ಬಂದರೆ ಹೌದು, ತಲೆಕೆಳಗಾದರೆ ಇಲ್ಲ, ನಡುವಿನ ಕಾರ್ಡಿಗೆ ಎರಡು ಮತ. ಕಾರ್ಡ್ ತೆರೆದ ಮೇಲೆ ನಿಯಮ ಬದಲಿಸಿದರೆ ಅದು ನಮ್ಮ ಆಸೆಯ ಉತ್ತರ ಅಷ್ಟೇ.

ಹೋದ ವಾರ ಡೊಂಬಿವಲಿಯ ಗೆಳತಿ ಕೇಳಿದಳು, "ಅಕ್ಕಾ, ಪುಣೆಯಲ್ಲಿರೋ ಅವನು ದೀಪಾವಳಿಯೊಳಗೆ ಮನೆಯಲ್ಲಿ ಮಾತಾಡ್ತಾನಾ?" ಬಂದದ್ದು ಟೂ ಆಫ್ ಕಪ್ಸ್ ನೇರ, ನಡುವೆ ನೈಟ್ ಆಫ್ ಕಪ್ಸ್ ತಲೆಕೆಳಗು, ಕೊನೆಗೆ ಫೋರ್ ಆಫ್ ಪೆಂಟಕಲ್ಸ್ ನೇರ. ಎರಡಕ್ಕೆ ಎರಡು, ಸಮ.

ಸಮ ಬಂದಾಗ ಪ್ರಶ್ನೆಯ ಕ್ರಿಯಾಪದ ನೋಡಿ. ಅವಳು ಕೇಳಿದ್ದು "ಮಾತಾಡ್ತಾನಾ", "ಪ್ರೀತಿಸ್ತಾನಾ" ಅಲ್ಲ. ಟೂ ಆಫ್ ಕಪ್ಸ್‌ನಲ್ಲಿ ಇಬ್ಬರು ಬಟ್ಟಲು ಹಿಡಿದು ಎದುರುಬದುರು ನಿಂತಿದ್ದಾರೆ, ಅಲ್ಲಿ ಪ್ರೀತಿ ಇದೆ. ಆದರೆ ಹೆಜ್ಜೆ ಇಡಬೇಕಾದ ನೈಟ್, ಅಂದರೆ ಕುದುರೆ ಸವಾರ, ತಲೆಕೆಳಗು. ಪೆಂಟಕಲ್ಸ್‌ನ ಮನುಷ್ಯ ನಾಣ್ಯವನ್ನು ಎದೆಗೆ ಅವಚಿ ಕೂತಿದ್ದಾನೆ, ನೇರ ಬಂದರೂ ಏಳುವವನಲ್ಲ. "ಮನಸ್ಸಿದೆ, ದೀಪಾವಳಿಯೊಳಗೆ ಮಾತಾಡೋ ಲಕ್ಷಣ ಕಾಣ್ತಿಲ್ಲ" ಅಂದೆ. ಅವಳ ಮುಖ ಬಾಡಿತು. ಆದರೂ "ಹೌದು" ಅನ್ನಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ಕಾರ್ಡ್ ತೆಗೀರಿ ಅಂತ ಕೇಳ್ತಾರೆ, ಅಲ್ವಾ? ತೆಗೆಯಬೇಡಿ. ಬೇಕಾದ್ದು ಬರೋವರೆಗೂ ತೆಗೀತಾನೇ ಇರ್ತೀವಿ. "ಅವನಿಗೆ ಏನು ಅಡ್ಡ ಬರ್ತಿದೆ?" ಅಂತ ಬೇರೆ ಪ್ರಶ್ನೆಯನ್ನೇ ಹೊಸದಾಗಿ ಇಡಿ. ಇನ್ನೂ ಒಳ್ಳೇದು, ಅವನನ್ನೇ ಕೇಳೋಕೆ ಹೇಳಿ.