ತುಟಿ ಊದಿದೆ ಸರಿ, ದನಿ ಹೇಗಿದೆ?

ಊಟ ಮುಗಿದು ಅಥವಾ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಮೈಮೇಲೆ ಅಲರ್ಜಿಯ ಕೆಂಪು ಗಂದೆ ಏಳುತ್ತದೆ. ತುರಿಕೆ ತಡೆಯಲಾಗದು. ಸುತ್ತ ಇದ್ದವರು ಅಂಗಿ ಎತ್ತಿ ಬೆನ್ನು ನೋಡುತ್ತಾರೆ, ಎಲ್ಲೆಲ್ಲಿ ಹರಡಿದೆ ಎಂದು ಹುಡುಕುತ್ತಾರೆ. ಎಡವುವುದು ಇಲ್ಲೇ. ಗಂದೆಯ ಲೆಕ್ಕದಿಂದ ಅಪಾಯದ ಲೆಕ್ಕ ಸಿಗುವುದಿಲ್ಲ. ಮೈತುಂಬ ಎದ್ದದ್ದು ಬರೀ ತುರಿಸಿ ಅಡಗಬಹುದು. ನಾಲ್ಕೇ ಗಂದೆ ಇರುವವರ ಗಂಟಲು ಕಟ್ಟಿಕೊಳ್ಳಬಹುದು.

ಹಂತ 1: ಗಂದೆ ಹೌದೋ ಅಲ್ಲವೋ ನೋಡಿ. ಬೆರಳಿನಿಂದ ಒತ್ತಿದರೆ ಕೆಂಪು ಮಾಸುತ್ತದೆ, ತುರಿಸುತ್ತದೆ, ಒಂದು ಕಡೆ ಅಡಗಿ ಇನ್ನೊಂದು ಕಡೆ ಏಳುತ್ತದೆ. ಒಂದೊಂದು ಗಂದೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತು ಉಳಿಸದೆ ಹೋಗುತ್ತದೆ. ಔಷಧಿ ತೆಗೆದುಕೊಂಡ ಮೇಲೆ ಚರ್ಮದಲ್ಲಿ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಅದು ಬೇರೆಯೇ ರೋಗ. ಆಗ ಈ ಲೇಖನ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಹಂತ 2: ನಿಲ್ಲಿಸಿ, ಬರೆದಿಡಿ. ಅನುಮಾನವಿರುವ ಮಾತ್ರೆಯ ಮುಂದಿನ ಡೋಸ್ ಬೇಡ. ತಿಂದದ್ದು, ನುಂಗಿದ್ದು, ಹೊತ್ತು ಬರೆದುಕೊಳ್ಳಿ. ಮಾತ್ರೆಯ ಸ್ಟ್ರಿಪ್ ಎತ್ತಿಡಿ. ಗಂದೆಯ ಫೋಟೊ ತೆಗೆಯಿರಿ, ವೈದ್ಯರ ಎದುರು ಕೂರುವ ಹೊತ್ತಿಗೆ ಅದು ಮಾಯವಾಗಿರಬಹುದು. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಅಲರ್ಜಿ ಶುರುವಾಗಲು ಹೊಟ್ಟೆಗೆ ಹೋದ ಚೂರೇ ಸಾಕು, ಅದನ್ನು ಹೊರಹಾಕಿ ಪ್ರಯೋಜನವಿಲ್ಲ. ಗಂಟಲು ಊದುತ್ತಿದ್ದರೆ ವಾಂತಿ ಶ್ವಾಸನಾಳಕ್ಕೂ ಇಳಿದೀತು.

ಹಂತ 3: ಮುಖದ ಊತವನ್ನು ಓದಿ. ಇದೇ ಕಷ್ಟದ ಹಂತ.

ಅಲರ್ಜಿಯಾದಾಗ ದೇಹದ ಮಾಸ್ಟ್ ಎಂಬ ಜೀವಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಚೆಲ್ಲುತ್ತವೆ, ರಕ್ತನಾಳಗಳಿಂದ ನೀರು ಸೋರುತ್ತದೆ. ಚರ್ಮದ ಮೇಲ್ಪದರದಲ್ಲಿ ಸೋರಿದರೆ ಗಂದೆ, ಆಳದಲ್ಲಿ ಸೋರಿದರೆ ಊತ. ರೆಪ್ಪೆ ಮತ್ತು ತುಟಿಯ ಚರ್ಮ ಸಡಿಲವಾದ್ದರಿಂದ ಅವು ಬೇಗ ಉಬ್ಬುತ್ತವೆ. ಕಣ್ಣು ಮುಚ್ಚಿಹೋಗುವಷ್ಟು ಊದಿದ ರೆಪ್ಪೆ ನೋಡಲು ಭಯಂಕರ, ಆದರೆ ಉಸಿರು ಹೋಗುವ ದಾರಿ ಅಲ್ಲಿಲ್ಲ. ಕನ್ನಡಿಯಲ್ಲಿ ಕಾಣದ ಊತವೇ ಅಪಾಯದ್ದು: ನಾಲಿಗೆಯ ಬುಡ, ಗಂಟಲು, ಧ್ವನಿಪೆಟ್ಟಿಗೆ.

ಅದನ್ನು ಹೊರಗಿನಿಂದ ತಿಳಿಯಲು ಹೀಗೆ ಮಾಡಿ. ಒಂದು ಪೂರ್ತಿ ವಾಕ್ಯ ಹೇಳಿಸಿ. ದನಿ ಒಡೆದಿದೆಯೇ, ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಿದಂತಿದೆಯೇ, ಮಧ್ಯೆ ಉಸಿರಿಗಾಗಿ ನಿಲ್ಲುತ್ತಾರೆಯೇ ಕೇಳಿಸಿಕೊಳ್ಳಿ. ಎಂಜಲು ನುಂಗಿಸಿ, ನುಂಗಲಾಗದೆ ಸುರಿಯುತ್ತಿದ್ದರೆ ಗಂಟಲು ಕಟ್ಟುತ್ತಿದೆ. ನಾಲಿಗೆ ಚಾಚಿಸಿ ದಪ್ಪವಾಗಿದೆಯೇ ನೋಡಿ. ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು, ಬಿಡದ ಒಣಕೆಮ್ಮು, ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುವುದು ಇದೆಯೇ ಗಮನಿಸಿ. ತಲೆ ಸುತ್ತುತ್ತಿದೆಯೇ ಎಂದು ಕೇಳಿ. ಪರೀಕ್ಷಿಸಲೆಂದು ಎಬ್ಬಿಸಿ ನಿಲ್ಲಿಸಬೇಡಿ, ಕಾರಣ ಮುಂದಿದೆ.

ಇವುಗಳಲ್ಲಿ ಒಂದೇ ಒಂದು ಹೌದಾದರೂ ತುರ್ತು. ಗಂದೆಯ ಜೊತೆ ಹೊಟ್ಟೆ ಹಿಂಡುವ ನೋವು, ಪದೇ ಪದೇ ವಾಂತಿ ಬಂದರೂ ತುರ್ತೇ. ಎಲ್ಲ ಸರಿ ಇದ್ದರೆ ಮೊದಲ ಒಂದು ಗಂಟೆ ಐದೈದು ನಿಮಿಷಕ್ಕೆ ಇದನ್ನೇ ಮತ್ತೆ ಮಾಡಿ, ಆಮೇಲೂ ಕೆಲವು ಗಂಟೆ ಕಣ್ಣಿಡಿ. ಒಮ್ಮೆ ನೋಡಿ ಸುಮ್ಮನಾದರೆ ನೋಡದಂತೆಯೇ.

ಒಂದು ಉದಾಹರಣೆ. ಹಲ್ಲುನೋವಿರುವ 40 ವರ್ಷದ ವ್ಯಕ್ತಿ, ರಾತ್ರಿ 8:10ಕ್ಕೆ ಸೀಗಡಿ ಊಟ, ಮೇಲೊಂದು ಐಬುಪ್ರೊಫೆನ್. 8:30ಕ್ಕೆ ಅಂಗೈ ತುರಿಕೆ. 8:40ಕ್ಕೆ ಹೊಟ್ಟೆಯ ಮೇಲೆ ಗಂದೆ, ಮೇಲ್ತುಟಿ ದಪ್ಪ. ಅಲರ್ಜಿ ಮಾತ್ರೆ ಸೆಟ್ರಿಜಿನ್ ನುಂಗಿ ಕೂತರು. 8:50ಕ್ಕೆ ದನಿ ಭಾರವಾಯಿತು, ಗಂಟಲು ಕ್ಯಾಕರಿಸತೊಡಗಿದರು. 'ಏನೋ ಸಿಕ್ಕಿಕೊಂಡಿರಬೇಕು' ಎಂದು ನೀರು ಕುಡಿಸಲಾಯಿತು. 8:55ಕ್ಕೆ ವಾಕರಿಕೆ ಎಂದು ಎದ್ದು ಬಚ್ಚಲಿಗೆ ನಡೆದವರು ಬಾಗಿಲಲ್ಲೇ ಕುಸಿದರು. ತುಟಿ 8:40ರಲ್ಲಿ ಇದ್ದಷ್ಟೇ ಇತ್ತು. ಆಂಬುಲೆನ್ಸ್ ಕರೆಯಬೇಕಾಗಿದ್ದು 8:50ಕ್ಕೆ, ದನಿ ಬದಲಾದ ಗಳಿಗೆಯಲ್ಲಿ.

ಹಂತ 4: ಮಲಗಿಸಿ, ಅಡ್ರಿನಲಿನ್ ಇಂಜೆಕ್ಷನ್ ಕೊಡಿಸಿ. ರಕ್ತನಾಳಗಳು ಹಿಗ್ಗಿ, ಸೋರಿ, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿರುತ್ತದೆ. ಆ ಸ್ಥಿತಿಯಲ್ಲಿ ಎದ್ದು ನಿಂತರೆ ಇದ್ದಬದ್ದ ರಕ್ತವೂ ಕಾಲಿಗಿಳಿದು ಹೃದಯವೇ ನಿಂತುಹೋಗಬಹುದು. ಆದ್ದರಿಂದ ಮಲಗಿಸಿ ಕಾಲು ಎತ್ತರಿಸಿ. ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಪಕ್ಕಕ್ಕೆ ಹೊರಳಿಸಿ. ಬಚ್ಚಲಿಗೂ ನಡೆಸಬೇಡಿ, ವಾಹನದವರೆಗೂ ನಡೆಸಬೇಡಿ.

ಅಡ್ರಿನಲಿನ್ ತುಂಬಿದ ಇಂಜೆಕ್ಷನ್ ಪೆನ್ ಇದ್ದರೆ ತೊಡೆಯ ಹೊರಬದಿಯ ನಡುಭಾಗಕ್ಕೆ, ಬಟ್ಟೆಯ ಮೇಲಿಂದಲೇ ಒತ್ತಿ, ಪೆನ್ನಿನ ಮೇಲೆ ಬರೆದಷ್ಟು ಸೆಕೆಂಡು ಹಿಡಿಯಿರಿ. ದೊಡ್ಡವರಿಗೆ 0.3 ಮಿಲಿಗ್ರಾಂ ಪೆನ್, 15ರಿಂದ 30 ಕಿಲೊ ತೂಕದ ಮಕ್ಕಳಿಗೆ ಸಾಮಾನ್ಯವಾಗಿ 0.15. ಗಾಬರಿಯಲ್ಲಿ ಪೆನ್ ತಲೆಕೆಳಗಾಗಿ ಹಿಡಿದು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಳ್ಳುವವರಿದ್ದಾರೆ. ಸೂಜಿಯ ತುದಿ ಯಾವುದೆಂದು ಇವತ್ತೇ ನೋಡಿಟ್ಟುಕೊಳ್ಳಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಪೆನ್ ಕೊಡಬಹುದು. ಪೆನ್ ಇಲ್ಲದಿದ್ದರೆ ಅದರ ಜಾಗ ತುಂಬುವ ಬೇರೆ ಯಾವುದೂ ಮನೆಯಲ್ಲಿಲ್ಲ. ಜೀವಕ್ಕೆ ಕುತ್ತಾಗುವ ಇಂಥ ಅಲರ್ಜಿಯ ಹೆಸರು ಅನಾಫೈಲಾಕ್ಸಿಸ್, ಆಂಬುಲೆನ್ಸ್ ಕರೆಯುವಾಗ ಆ ಪದವನ್ನೇ ಬಳಸಿ.

ಸೆಟ್ರಿಜಿನ್ ಬಗ್ಗೆ ಒಂದು ಮಾತು. ಬರೀ ಗಂದೆಗೆ ಅದು ಒಳ್ಳೆಯ ಮಾತ್ರೆ, ದೊಡ್ಡವರಿಗೆ ದಿನಕ್ಕೆ 10 ಮಿಲಿಗ್ರಾಂ. ಆದರೆ ಕೆಲಸ ಶುರುಮಾಡಲು ಸುಮಾರು ಒಂದು ಗಂಟೆ ಬೇಕು, ಊದಿದ ಗಂಟಲನ್ನು ಅದು ಬಿಡಿಸುವುದಿಲ್ಲ, ಕುಸಿದ ರಕ್ತದೊತ್ತಡವನ್ನು ಎತ್ತುವುದಿಲ್ಲ. ತೂಕಡಿಕೆ ತರಿಸುವ ಹಳೆಯ ಅಲರ್ಜಿ ಮಾತ್ರೆಗಳಂತೂ ಬೇಡವೇ ಬೇಡ. ನಿದ್ದೆ ಬಂದದ್ದೋ ಒತ್ತಡ ಬಿದ್ದದ್ದೋ ಪಕ್ಕದಲ್ಲಿದ್ದವರಿಗೆ ಗೊತ್ತಾಗುವುದಿಲ್ಲ. ಅಲರ್ಜಿಗೆಂದು ಮಾರುವ ಹಿಸ್ಟಮಿನ್ ವಿರೋಧಿ ಮುಲಾಮನ್ನೂ ದೂರವಿಡಿ, ಅದರಿಂದಲೇ ಚರ್ಮಕ್ಕೆ ಅಲರ್ಜಿಯಾಗುವುದುಂಟು.

ತುರಿಕೆಯೂ ಇಲ್ಲ, ಗಂದೆಯೂ ಇಲ್ಲ, ಬರೀ ಊತವೇ? ಹಾಗಾದರೆ ಬಿ.ಪಿ. ಮಾತ್ರೆಯ ಹೆಸರು ನೋಡಿ. ರಾಮಿಪ್ರಿಲ್, ಎನಾಲಪ್ರಿಲ್‌ನಂತೆ 'ಪ್ರಿಲ್' ಎಂದು ಮುಗಿಯುವ ಮಾತ್ರೆಗಳು ತುಟಿ, ನಾಲಿಗೆಗಳನ್ನು ಊದಿಸಬಲ್ಲವು. ವರ್ಷಗಟ್ಟಲೆ ನುಂಗಿ ಏನೂ ಆಗದವರಿಗೂ ಒಂದು ದಿನ ಹೀಗಾಗಬಹುದು. ಇಲ್ಲಿ ಊತ ತರುವುದು ಹಿಸ್ಟಮಿನ್ ಅಲ್ಲ, ಬ್ರಾಡಿಕೈನಿನ್ ಎಂಬ ಇನ್ನೊಂದು ರಾಸಾಯನಿಕ. ಅದಕ್ಕೇ ಅಲರ್ಜಿಯ ಔಷಧಿಗಳಿಗೆ ಇದು ಹೆಚ್ಚಾಗಿ ಜಗ್ಗುವುದಿಲ್ಲ. ಮುಂದಿನ ಡೋಸ್ ನುಂಗದೆ ಆಸ್ಪತ್ರೆಗೆ ಹೋಗಿ, ಮಾತ್ರೆಯನ್ನು ವೈದ್ಯರೇ ಬದಲಿಸಲಿ.

ಹಂತ 5: ಬೇಗ ಮನೆಗೆ ಹೊರಡಬೇಡಿ. ಇಂಜೆಕ್ಷನ್ ಆಗಿ ಎಲ್ಲ ಇಳಿದ ಮೇಲೂ ಕೆಲವರಲ್ಲಿ ಗಂಟೆಗಳ ನಂತರ ಎರಡನೆಯ ಅಲೆ ಬರುತ್ತದೆ. ವೈದ್ಯರು ಹೇಳಿದಷ್ಟು ಹೊತ್ತು ಅಲ್ಲೇ ಇರಿ. ಮೇಲಿನ ಉದಾಹರಣೆಯಲ್ಲಿ ಅಪರಾಧಿ ಸೀಗಡಿಯೋ ಮಾತ್ರೆಯೋ ಎಂದು ಮನೆಯಲ್ಲಿ ತೀರ್ಮಾನಿಸಲಾಗದು. ಆಹಾರದ ಅಲರ್ಜಿ ಮೊದಲೇ ಇದ್ದವರಲ್ಲಿ ಇಂಥ ನೋವಿನ ಮಾತ್ರೆ ಅದನ್ನು ಕೆರಳಿಸುವುದೂ ಉಂಟು. ಅಲರ್ಜಿ ತಜ್ಞರು ಪರೀಕ್ಷಿಸುವವರೆಗೆ ಎರಡನ್ನೂ ಬಿಡಿ. ಐಬುಪ್ರೊಫೆನ್ ಬಿಟ್ಟೆವೆಂದು ಡೈಕ್ಲೊಫೆನಾಕ್ ಅಥವಾ ಆಸ್ಪಿರಿನ್‌ಗೆ ಕೈಹಾಕಬೇಡಿ, ಹೆಸರು ಬೇರೆಯಾದರೂ ಅವು ಅದೇ ಬಳಗದವು.