ಅವ್ವನ ಬೋರಮಾಳ ಹಾಕಿ ಹೊಸಾದು ತಗೊಂಡಿದ್ದು: 22, 24 ಕ್ಯಾರೆಟ್ ಲೆಕ್ಕ

ತಂಗಿ ಲಗ್ನಕ್ಕ ಅಂತ ಅವ್ವನ ಹಳೇ ಬೋರಮಾಳ ಸರ ಕಲಬುರಗಿ ಸರಾಫ್ ಬಜಾರದಾಗ ಎಕ್ಸ್‌ಚೇಂಜ್ ಮಾಡ್ಸಿದ್ದೆ, ಆ ಲೆಕ್ಕ ಹೆಂಗ ಕೂಡ್ಸಿದ್ವಿ ಅಂತ ಹೇಳ್ತೀನಿ.

24 ಕ್ಯಾರೆಟ್ ಅಂದ್ರ ಪೂರಾ ಚೊಕ್ಕ ಬಂಗಾರ, ಬಿಸ್ಕೀಟು ಕಾಯಿನ್ ಮ್ಯಾಲ 999 ಅಂತ ಇರ್ತದ. ಅದು ಮೆತ್ತಗ, ಅದಕ್ಕ ಸಾಮಾನು ಮಾಡಾಕ ತಾಮ್ರ ಬೆಳ್ಳಿ ಕೂಡಿಸ್ತಾರ. 24 ಪಾಲಿನಾಗ 22 ಪಾಲು ಬಂಗಾರ ಇದ್ರ 22 ಕ್ಯಾರೆಟ್, ನೂರಕ್ಕ 91.6 ಆಗ್ತದ, 916 ಅಂತ ಒತ್ತೋದು ಅದಕ್ಕ.

ನಮ್ಮ ಸರಕ್ಕ ಯಾವ ಗುರ್ತೂ ಇದ್ದಿಲ್ಲ. ಅವ್ವ "ಇದು ಇಪ್ಪತ್ತೆರಡರದೇ ಅದ" ಅಂತಿದ್ಳು, ತೂಕ 25 ಗ್ರಾಮ್ ಬಂತು. ಆದ್ರ ಬೋರಮಾಳದ ಗುಂಡಿನೊಳಗ ಅರಗು ತುಂಬಿರ್ತದ ನೋಡ್ರಿ, ಕರಗ್ಸಿದ ಮ್ಯಾಲ ಗಟ್ಟಿ ಉಳದಿದ್ದು 18 ಗ್ರಾಮ್. ಕರಗ್ಸಬ್ಯಾಡ್ರಿ ಮಷಿನ್‌ದಾಗ ನೋಡ್ತೀವಿ ಅಂತ ಒಂದು ಅಂಗಡ್ಯಾಗ ಅಂದ್ರು, ನಾನೇ ಬ್ಯಾಡ ಅಂದೆ, ಯಾಕಂದ್ರ ಆ ಮಷಿನ್ ಮ್ಯಾಲಿನ ಪದರಷ್ಟೇ ಓದ್ತದ, ಕೈಕೆಲ್ಸದ ಹಳೇ ಸಾಮಾನಿನಾಗ ಬೆಸುಗೆ ಭಾಳ, ಬೆಸುಗ್ಯಾಗ ಬಂಗಾರ ಕಮ್ಮಿ ಇರ್ತದ. ಪೂರಾ ಕರಗಿ ಒಂದಾದ್ರನ ಖರೇ ಟಂಚ್, ಅಂದ್ರ ನೂರಕ್ಕ ಎಷ್ಟು ಚೊಕ್ಕ ಬಂಗಾರ ಅನ್ನೋದು, ಬರೋದು. ನಮ್ಮ ಮುಂದನ ಕರಗ್ಸಿ ಟಂಚ್ ಹಾಕ್ಸಿದ್ವಿ, ಚೀಟಿನಾಗ 84 ಬಂತು, ಅಂದ್ರ ಸುಮಾರು 20 ಕ್ಯಾರೆಟ್.

ಈಗ ಲೆಕ್ಕ. 18 ಗ್ರಾಮ್‌ನಾಗ ನೂರಕ್ಕ 84 ಅಂದ್ರ ಚೊಕ್ಕ ಬಂಗಾರ 15.12 ಗ್ರಾಮ್. ಲೆಕ್ಕಕ್ಕ ಸಲೀಸು ಆಗ್ಲಿ ಅಂತ 24ರ ರೇಟು ಗ್ರಾಮಿಗೆ 10,000 ಹಿಡೀರಿ, 1,51,200 ಬರ್ತದ. ಅದೇ 18 ಗ್ರಾಮ್ 916 ಇದ್ದಿದ್ರ 1,64,880 ಆಗ್ತಿತ್ತು. ಹದಿಮೂರು ಸಾವ್ರದ ಮ್ಯಾಲ ಫರಕು, ತೂಕ ಒಂದೇ.

ರೊಕ್ಕಾ ಬ್ಯಾಡ ಬಂಗಾರನ ಕೊಡ್ರಿ ಅಂದ್ರ 15.12 ಅನ್ನು 0.916ರಿಂದ ಭಾಗಿಸ್ಬೇಕು, 16.5 ಗ್ರಾಮ್ 22 ಕ್ಯಾರೆಟ್ ಬರ್ತದ. ಇಲ್ಲೇ ಒಂದು ಕೊಕ್ಕಿ ಅದ: ಟಂಚ್ ಕಳದ ಮ್ಯಾಲ ಮತ್ತ "ಕರಗಿನ ಕಟ್" ಅಂತ ಎರಡು ಪರ್ಸೆಂಟ್ ಹಿಡೀಲಿಕ್ಕೆ ನೋಡಿದ್ರು. "ಸೇಠಜೀ, ತೂಕ ಮಾಡಿದ್ದು ಕರಗಿದ ಮ್ಯಾಲ ಅಲ್ರೀ, ಮತ್ಯಾಕ ಕಟ್ಟು?" ಅಂದೆ, ನಕ್ಕೋತ ಬಿಟ್ರು.

ಹೊಸಾದರ ಮ್ಯಾಲ ಮೂರು ಗುರ್ತು ಇರ್ಬೇಕು: ಬಿಐಎಸ್ ತ್ರಿಕೋನದ ಮುದ್ರಿ, 22K916, ಆಮ್ಯಾಲ ಆರು ಅಕ್ಷರ-ಅಂಕಿಯ HUID. 2023ರ ಏಪ್ರಿಲ್ 1ರಿಂದ HUID ಇಲ್ದ ಹಾಲ್‌ಮಾರ್ಕ್ ಸಾಮಾನು ಅಂಗಡಿಯವರು ಮಾರಂಗಿಲ್ಲ. ಅಂಗಡ್ಯಾಗ ನಿಂತೇ BIS CARE ಆ್ಯಪ್‌ನಾಗ ನಂಬರ್ ಹಾಕ್ದೆ, ಸಾಮಾನು ಏನು, ಪ್ಯೂರಿಟಿ ಎಷ್ಟು ಅಂತ ತೋರ್ಸ್ತದ. ನೆಕ್ಲೆಸ್ ಕೈಯಾಗ ಇದ್ದು ಅಲ್ಲಿ ಉಂಗುರ ಅಂತ ಬಂದ್ರ ತಗೋಬ್ಯಾಡ್ರಿ.

ಹಾಲ್‌ಮಾರ್ಕ್ ಹೇಳೋದು ಬಂಗಾರದ ಚೊಕ್ಕತನ ಅಷ್ಟೇ, ಹರಳಿನ ತೂಕ, ಮಜೂರಿ ಅದ್ರಾಗ ಬರಂಗಿಲ್ಲ. ಅದಕ್ಕ ಬಿಲ್ಲಿನಾಗ ಬಂಗಾರದ ತೂಕ ಬ್ಯಾರೆ, ಹರಳಿಂದು ಬ್ಯಾರೆ, ಮಜೂರಿ ಬ್ಯಾರೆ ಬರಿಸ್ಕೊಂಡೆ.